ಬಲ ಮತ್ತು ಚಲನೆ: ಒಂದು ಪುಟದ ಸಾರಾಂಶ ಮಾಡಿದ್ದೇನೆ, ಎಲ್ಲಿ ತಪ್ಪಿದೆ ಹೇಳಿ

ಗೋಣಿಕೊಪ್ಪದ ಅಮ್ಮ

ಎಲ್ಲರಿಗೂ ನಮಸ್ಕಾರ. ಮಳೆ ರಜೆ ಶುರುವಾಗಿ ಮೂರು ದಿನ ಆಯಿತು. ಮಗಳು ಎಂಟನೇ ಕ್ಲಾಸ್, ಕನ್ನಡ ಮಾಧ್ಯಮ. ಸುಮ್ನೆ ಕೂರುವ ಬದಲು ಬಲ ಮತ್ತು ಚಲನೆ ಪಾಠವನ್ನು ಒಂದು ಪುಟಕ್ಕೆ ಇಳಿಸೋಣ ಅಂತ ನಾನೇ ಬರೆದೆ. ನಮ್ಮ ಸುತ್ತಮುತ್ತಲಿನ ಉದಾಹರಣೆಗಳನ್ನೇ ಹಾಕಿದೆ. ಬರೆದದ್ದು ಇಷ್ಟು:

"ತಳ್ಳುವುದು ಅಥವಾ ಎಳೆಯುವುದೇ ಬಲ. ಬಲ ಹಾಕಿದರೆ ವಸ್ತು ಚಲಿಸುತ್ತದೆ. ಬಲ ಮುಗಿದಾಗ ನಿಲ್ಲುತ್ತದೆ. ಹಾಕಿ ಚೆಂಡಿಗೆ ಹೊಡೆದರೆ ಓಡುತ್ತದೆ, ಹೊಡೆತದ ಬಲ ಖಾಲಿಯಾದ ಮೇಲೆ ನಿಲ್ಲುತ್ತದೆ. ಘರ್ಷಣೆ ಚಲನೆಯನ್ನು ತಡೆಯುತ್ತದೆ. ಪಾಚಿ ಕಟ್ಟಿದ ಮೆಟ್ಟಿಲಲ್ಲಿ ಘರ್ಷಣೆ ಕಡಿಮೆ, ಅದಕ್ಕೇ ಜಾರುತ್ತದೆ. ಬಲದ ಏಕಮಾನ ನ್ಯೂಟನ್."

ಕೆಳಗೆ ನಾಲ್ಕು ಪ್ರಶ್ನೆ. ಬಲ ಎಂದರೇನು? ಅದರ ಏಕಮಾನ ಯಾವುದು? ಘರ್ಷಣೆ ಎಂದರೇನು? ಹಾಕಿ ಚೆಂಡು ಯಾಕೆ ನಿಲ್ಲುತ್ತದೆ? ಒಂದೇ ನಿಮಿಷದಲ್ಲಿ ನಾಲ್ಕಕ್ಕೂ ಉತ್ತರ ಹೇಳಿದಳು. ನನಗೂ ಖುಷಿ ಆಯಿತು.

ಆಮೇಲೆ ಸ್ಟೋರಿನಲ್ಲಿ ಒಂದು ಕಾಫಿ ಚೀಲ ಸರಿಸಬೇಕಿತ್ತು. 50 ಕೆಜಿ ಚೀಲ. ಅವಳೊಬ್ಬಳೇ ತಳ್ಳಿದಳು, ಅಲ್ಲಾಡಲಿಲ್ಲ. "ಈಗ ಚೀಲದ ಮೇಲೆ ಬಲ ಇದೆಯಾ?" ಅಂತ ಕೇಳಿದೆ. "ಇಲ್ಲ, ಚಲಿಸಲಿಲ್ಲವಲ್ಲ ಅಮ್ಮ" ಅಂದಳು. ಕೈ ನೋಯುವಷ್ಟು ತಳ್ಳಿ ಬಲ ಇಲ್ಲ ಅಂದರೆ ಹೇಗೆ? ತಪ್ಪು ನನ್ನ ಸಾರಾಂಶದ್ದಾ, ಪ್ರಶ್ನೆಗಳದ್ದಾ?

ಟ್ಯೂಷನ್ ಅಕ್ಕ, ಕುಶಾಲನಗರ

ಸಾರಾಂಶ ಚೆನ್ನಾಗಿದೆ ಅಕ್ಕ. ಎಂಟನೇ ಕ್ಲಾಸಿಗೆ ಇಷ್ಟು ಸಾಕು. ಒತ್ತಡದ ಬಗ್ಗೆ ಎರಡು ಸಾಲು ಸೇರಿಸಿ. ಚೀಲದ ಪ್ರಶ್ನೆಯೆಲ್ಲಾ ಪರೀಕ್ಷೆಗೆ ಬರುವುದಿಲ್ಲ, ಬಿಡಿ.

ನಿವೃತ್ತ ಮೇಷ್ಟ್ರು, ಸೋಮವಾರಪೇಟೆ

ಬಿಡುವುದಕ್ಕೆ ಆಗುವುದಿಲ್ಲ ಅಮ್ಮ. ಆ ಚೀಲದ ಪ್ರಶ್ನೆಯೇ ನಿಮ್ಮ ಪುಟದಲ್ಲಿರುವ ತಪ್ಪನ್ನು ಹಿಡಿದು ಕೊಟ್ಟಿದೆ. ಮಗಳು ತಪ್ಪು ಮಾಡಿಲ್ಲ. ನೀವು ಬರೆದದ್ದನ್ನು ನಂಬಿ, ಅದರಿಂದ ಸರಿಯಾಗಿಯೇ ಲೆಕ್ಕ ಹಾಕಿದ್ದಾಳೆ. "ಬಲ ಹಾಕಿದರೆ ವಸ್ತು ಚಲಿಸುತ್ತದೆ" ಅಂತ ಇದೆ. ಚಲಿಸಲಿಲ್ಲ, ಹಾಗಾದರೆ ಬಲ ಇಲ್ಲ. ಜಾಣ ಹುಡುಗಿ.

ಮೂರನೇ ಸಾಲು ಇನ್ನೂ ದೊಡ್ಡ ತಪ್ಪು. "ಬಲ ಮುಗಿದಾಗ ನಿಲ್ಲುತ್ತದೆ" ಅಂದರೆ ಬಲ ಅನ್ನುವುದು ಚೆಂಡಿನೊಳಗೆ ತುಂಬಿಟ್ಟ ಪೆಟ್ರೋಲ್ ಥರ ಆಗಿಬಿಡುತ್ತದೆ. ಹಾಗಲ್ಲ. ಕೋಲು ಚೆಂಡಿಗೆ ತಗುಲಿದ್ದ ಆ ಕ್ಷಣದಲ್ಲಿ ಮಾತ್ರ ಕೋಲಿನ ಬಲ ಇತ್ತು. ಚೆಂಡು ಕೋಲು ಬಿಟ್ಟ ಮೇಲೆ ಆ ಬಲ ಎಲ್ಲೂ ಇಲ್ಲ. ಚೆಂಡು ಓಡುತ್ತಿರುವುದು ಓಡುತ್ತಿದ್ದ ಕಾರಣಕ್ಕೆ. ನಿಂತದ್ದು ಇನ್ನೊಂದು ಬಲದಿಂದ, ಅಂದರೆ ಹುಲ್ಲು ಹಿಂದಕ್ಕೆ ಹಿಡಿದದ್ದರಿಂದ.

ಈ ಎರಡು ವಾಕ್ಯಗಳನ್ನು ಹೊಡೆದು ಹಾಕಿ, ಒಂದೇ ಒಂದು ವಾಕ್ಯ ಬರೆಯಿರಿ: "ಬಲ ಚಲನೆಯನ್ನು ಬದಲಿಸುತ್ತದೆ." ನಿಂತದ್ದನ್ನು ಓಡಿಸಬಹುದು, ಓಡುವುದನ್ನು ನಿಲ್ಲಿಸಬಹುದು, ದಿಕ್ಕು ತಿರುಗಿಸಬಹುದು. ಪಾಠ ಪೂರ್ತಿ ಆ ವಾಕ್ಯದ ಮೇಲೆ ನಿಂತಿದೆ.

ಹಾಕಿ ಪ್ರೇಮಿ, ನಾಪೋಕ್ಲು

ಮೇಷ್ಟ್ರು ಹೇಳಿದ್ದು ಆಟಗಾರರಿಗೆ ಕಣ್ಣಿಗೆ ಕಾಣುವ ವಿಷಯ. ಅದೇ ಚೆಂಡು, ಅದೇ ಹೊಡೆತ. ಹುಲ್ಲಿನ ಮೈದಾನದಲ್ಲಿ ಅರ್ಧಕ್ಕೇ ನಿಧಾನ ಆಗುತ್ತದೆ. ನೀರು ಹಾಕಿದ ಟರ್ಫಿನಲ್ಲಿ ಓಡುತ್ತಲೇ ಇರುತ್ತದೆ, ತಡೆಯುವುದೇ ಕಷ್ಟ. ಹೊಡೆತದ ಬಲ "ಖಾಲಿ" ಆಗುವುದಾದರೆ ಎರಡೂ ಕಡೆ ಒಂದೇ ದೂರಕ್ಕೆ ಖಾಲಿ ಆಗಬೇಕಿತ್ತು ಅಲ್ವಾ?

ಟರ್ಫಿಗೆ ಆಟದ ಮೊದಲು ನೀರು ಹಾಯಿಸುವುದೇ ಚೆಂಡು ಚೆನ್ನಾಗಿ ಓಡಲಿ ಅಂತ, ಬಿದ್ದರೆ ಮೈ ಉಜ್ಜಿ ಗಾಯ ಆಗದಿರಲಿ ಅಂತ. ಎರಡೂ ಘರ್ಷಣೆಯ ವಿಷಯವೇ.

ಕಾಫಿ ಕಣ

ಹುಲ್ಲಿನ ಮೈದಾನ ಅಂದಾಗ ನೆನಪಾಯಿತು, ನಮ್ಮ ಕೊಡವ ಕುಟುಂಬಗಳ ಹಾಕಿ ಹಬ್ಬ 1997ರಲ್ಲಿ ಕರಡದಲ್ಲಿ ಶುರುವಾಯಿತು, ಪಾಂಡಂಡ ಕುಟ್ಟಪ್ಪ ಅವರಿಂದ. ಬೇಸಗೆಯ ಒಣ ಮೈದಾನ ಆದ್ದರಿಂದ ಚೆಂಡು ಓಡುತ್ತದೆ. ಇದೇ ಜುಲೈನಲ್ಲಿ ಇಟ್ಟರೆ ಚೆಂಡು ಹೊಡೆದಲ್ಲೇ ಹೂತು ಹೋಗುತ್ತದೆ.

ಹಾಕಿ ಪ್ರೇಮಿ, ನಾಪೋಕ್ಲು

ಹೌದಣ್ಣ, ಕೆಸರಿನಲ್ಲಿ ಚೆಂಡು ಎರಡು ಮಾರು ಹೋಗುವುದಿಲ್ಲ.

ಸಂಪಾಜೆ ಜೀಪು

ಮೇಷ್ಟ್ರೇ, ಬೇಜಾರು ಮಾಡ್ಕೊಬೇಡಿ, ನನಗೆ ಇದು ಒಪ್ಪಿಗೆ ಆಗುತ್ತಿಲ್ಲ. ನಾನು 18 ವರ್ಷದಿಂದ ಗಾಡಿ ಓಡಿಸುತ್ತಿದ್ದೇನೆ. ಆಕ್ಸಿಲರೇಟರ್ ಒತ್ತಿದರೆ ಗಾಡಿ ಹೋಗುತ್ತದೆ. ಬಿಟ್ಟರೆ ನಿಧಾನ ಆಗಿ ನಿಲ್ಲುತ್ತದೆ. ಒಂದೇ ಸ್ಪೀಡಿನಲ್ಲಿ 40ರಲ್ಲಿ ಹೋಗಬೇಕಾದರೂ ಕಾಲು ಒತ್ತಿಕೊಂಡೇ ಇರಬೇಕು. ಬಲ ಇದ್ದರೇ ಚಲನೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ನಿವೃತ್ತ ಮೇಷ್ಟ್ರು, ಸೋಮವಾರಪೇಟೆ

ಬೇಜಾರು ಯಾಕೆ? ಸಾವಿರಾರು ವರ್ಷ ದೊಡ್ಡ ದೊಡ್ಡವರೆಲ್ಲಾ ಹೀಗೇ ನಂಬಿದ್ದರು, ಕಾರಣವೂ ಇದೇ. ಕಣ್ಣಿಗೆ ಕಾಣುವುದು ಹಾಗೇ ಇದೆ.

ನಿಮ್ಮ ಗಾಡಿಯನ್ನೇ ತೆಗೆದುಕೊಳ್ಳಿ. ಸಮತಟ್ಟು ರಸ್ತೆಯಲ್ಲಿ ಕಾಲು ಬಿಟ್ಟಿರಿ. ಗಾಡಿ ಆ ಕ್ಷಣಕ್ಕೇ ನಿಂತಿತಾ? ಇಲ್ಲ, ಸುಮಾರು ದೂರ ಹೋಗಿ ನಿಂತಿತು. ಬಲ ಇದ್ದರೇ ಚಲನೆ ಅನ್ನುವುದಾದರೆ ಕಾಲು ಎತ್ತಿದ ತಕ್ಷಣ ನಿಲ್ಲಬೇಕಿತ್ತು. ನಿಧಾನವಾಗಿ ನಿಲ್ಲಿಸಿದ್ದು ಯಾರು? ಎದುರು ಗಾಳಿ, ಟೈರಿನ ಉಜ್ಜಾಟ, ಒಳಗಿನ ಎಂಜಿನ್ನು ಗೇರುಗಳ ತಡೆ. 40ರಲ್ಲಿ ಒಂದೇ ಸಮ ಹೋಗುವಾಗಲೂ ಇವೆಲ್ಲ ಹಿಂದಕ್ಕೆ ಎಳೆಯುತ್ತಲೇ ಇರುತ್ತವೆ. ನಿಮ್ಮ ಕಾಲು ಅಷ್ಟನ್ನೇ ಮುಂದಕ್ಕೆ ಕೊಟ್ಟು ಸರಿದೂಗಿಸುತ್ತದೆ. ಹೆಚ್ಚು ಕೊಟ್ಟರೆ 50ಕ್ಕೆ ಏರುತ್ತದೆ, ಕಡಿಮೆ ಕೊಟ್ಟರೆ 30ಕ್ಕೆ ಇಳಿಯುತ್ತದೆ. ಸರಿಯಾಗಿ ಅಷ್ಟೇ ಕೊಟ್ಟರೆ 40ರಲ್ಲೇ ಇರುತ್ತದೆ.

ಗೆಲಿಲಿಯೊ ಹಿಡಿದದ್ದು ಇದನ್ನೇ. ಎರಡು ಇಳಿಜಾರುಗಳನ್ನು ಎದುರು ಬದುರು ಇಟ್ಟು ಗುಂಡು ಉರುಳಿಸಿದರೆ, ಆ ಕಡೆ ಹೆಚ್ಚುಕಡಿಮೆ ಅದೇ ಎತ್ತರಕ್ಕೆ ಏರುತ್ತದೆ. ಆ ಕಡೆಯ ಇಳಿಜಾರನ್ನು ತಗ್ಗಿಸಿದಷ್ಟೂ ಅದೇ ಎತ್ತರ ಮುಟ್ಟಲು ಹೆಚ್ಚು ದೂರ ಹೋಗಬೇಕು. ಪೂರ್ತಿ ಮಟ್ಟ ಮಾಡಿ, ಉಜ್ಜಾಟವನ್ನೂ ತೆಗೆದುಬಿಟ್ಟರೆ? ಆ ಎತ್ತರ ಸಿಗುವುದೇ ಇಲ್ಲ, ಗುಂಡು ಹೋಗುತ್ತಲೇ ಇರಬೇಕು. ನ್ಯೂಟನ್ 1687ರಲ್ಲಿ ನಿಯಮ ಅಂತ ಬರೆದದ್ದು ಆಮೇಲೆ.

ಸಂಪಾಜೆ ಜೀಪು

ಕಾಲು ಎತ್ತಿದ ತಕ್ಷಣ ನಿಲ್ಲಬೇಕಿತ್ತು ಅನ್ನುವುದು ನಿಜ, ಅದನ್ನು ಯೋಚಿಸಿರಲಿಲ್ಲ ಮಾರಾಯ್ರೇ. ಆದರೆ ಒಂದು ಮಾತು. ಇದನ್ನು ಓದಿ ಯಾರೂ ಘಾಟಿ ಇಳಿಯುವಾಗ ನ್ಯೂಟ್ರಲ್ ಹಾಕಿ ಪರೀಕ್ಷೆ ಮಾಡಬೇಡಿ. ಎಂಜಿನ್ನಿನ ಹಿಡಿತ ತಪ್ಪಿಹೋಗುತ್ತದೆ. ಎಲ್ಲಾ ಭಾರ ಬ್ರೇಕಿಗೇ ಬೀಳುತ್ತದೆ. ಬ್ರೇಕ್ ಕಾದು ಹಿಡಿಯದೇ ಹೋಗುತ್ತದೆ. ಸಂಪಾಜೆ ಕಡೆ ಇಳಿಯುವಾಗ ನಾವು ಎರಡನೇ ಗೇರ್ ಬಿಡುವುದಿಲ್ಲ.

ನಾಲ್ಕು ಮಕ್ಕಳ ಮನೆ

ನನ್ನ ಮಗ ಹತ್ತನೇ ಕ್ಲಾಸ್. ವಿದ್ಯುತ್ ಪಾಠದ ಒಂದು ಪುಟದ ನೋಟ್ಸ್ ಇದ್ದರೆ ಯಾರಾದರೂ ಹಾಕುತ್ತೀರಾ? ಪಾಠ ಉದ್ದ ಇದೆ.

ಟ್ಯೂಷನ್ ಅಕ್ಕ, ಕುಶಾಲನಗರ

ಇಲ್ಲಿ ಎಂಟನೇ ಕ್ಲಾಸಿನ ಬಲ ಮತ್ತು ಚಲನೆ ನಡೀತಿದೆ ಅಣ್ಣ. ಬೇರೆ ಪೋಸ್ಟ್ ಹಾಕಿ, ನನ್ನ ಹತ್ತಿರ ಇದೆ, ಕೊಡುತ್ತೇನೆ.

ಪಿಯು ಸೈನ್ಸ್, ವಿರಾಜಪೇಟೆ

ಚೀಲದ ಉತ್ತರ ಸುಲಭ. ಮಗಳು ತಳ್ಳಿದ ಬಲ ಮುಂದಕ್ಕೆ, ನೆಲದ ಘರ್ಷಣೆ ಹಿಂದಕ್ಕೆ. ಘರ್ಷಣೆ ಜಾಸ್ತಿ ಇತ್ತು, ಅದಕ್ಕೇ ಚಲಿಸಲಿಲ್ಲ. ಎರಡು ಬಲ ಸಮ ಆದರೆ ವಸ್ತು ನಿಂತಿರುತ್ತದೆ. ಇಷ್ಟು ಬರೆದರೆ ಫುಲ್ ಮಾರ್ಕ್ಸ್.

ಲ್ಯಾಬ್ ನೋಡಿಕೊಳ್ಳುವವ

ತಮ್ಮಾ, ಅರ್ಧ ಸರಿ ಇದೆ. ಎರಡು ಕಡೆ ಎಡವಿದ್ದೀಯ.

ಘರ್ಷಣೆ ತಳ್ಳಿದ್ದಕ್ಕಿಂತ ಜಾಸ್ತಿ ಇದ್ದಿದ್ದರೆ ಚೀಲ ತಳ್ಳಿದವರ ಮೇಲೆಯೇ ಬರಬೇಕಿತ್ತು! ನಿಂತಿದೆ ಅಂದರೆ ಎರಡೂ ಸಮ. ಇನ್ನೊಂದು, ಸಮ ಆದರೆ ನಿಂತಿರುತ್ತದೆ ಅನ್ನುವುದು ಪೂರ್ತಿ ಅಲ್ಲ. ಸಮ ಆದರೆ ಹೇಗಿತ್ತೋ ಹಾಗೇ ಇರುತ್ತದೆ. ನಿಂತಿದ್ದರೆ ನಿಂತೇ ಇರುತ್ತದೆ. ಓಡುತ್ತಿದ್ದರೆ ಅದೇ ಜವದಲ್ಲಿ ಅದೇ ದಿಕ್ಕಿಗೆ ಓಡುತ್ತದೆ. ಜೀಪಿನ 40 ಅದೇ ಅಲ್ವಾ?

ನಾನು ಒಂದು ಹೈಸ್ಕೂಲಿನ ಲ್ಯಾಬಿನಲ್ಲಿ ಬಹಳ ವರ್ಷ ಇದ್ದೆ. ಮಕ್ಕಳು ಹೆಚ್ಚು ತಪ್ಪುವ ಜಾಗ ಇದೇ. ಮಾತಿನಲ್ಲಿ ಹೇಳಿದರೆ ಕೂರುವುದಿಲ್ಲ. ಮನೆಯಲ್ಲೇ ಮಾಡಿ ನೋಡುವ ಒಂದು ಕೆಲಸ ಹೇಳುತ್ತೇನೆ ಅಮ್ಮ.

ಕೊಕ್ಕೆ ಇರುವ ಸ್ಪ್ರಿಂಗ್ ತಕ್ಕಡಿ ತೆಗೆದುಕೊಳ್ಳಿ, ಮೀನು ಮಾರುವವರು ತೂಗುವಂಥದ್ದು, ಮುಳ್ಳು ಇರುವುದು. 5 ಕೆಜಿ ಒಳಗಿನದಾದರೆ ಒಳ್ಳೇದು. ಒಂದು ಬಟ್ಟೆ ಚೀಲಕ್ಕೆ 3 ಕೆಜಿ ಅಕ್ಕಿ ಹಾಕಿ, ಬಾಯಿ ಕಟ್ಟಿ, ನೆಲದ ಮೇಲೆ ಇಡಿ. ಕೊಕ್ಕೆಯನ್ನು ಗಂಟಿಗೆ ಸಿಕ್ಕಿಸಿ ನೆಲಕ್ಕೆ ಸಮವಾಗಿ ಎಳೆಯಿರಿ, ಮೇಲಕ್ಕೆ ಎತ್ತಬೇಡಿ. ತಕ್ಕಡಿ ಕೆಜಿ ತೋರಿಸುತ್ತದೆ, ಅದನ್ನು 10ರಿಂದ ಗುಣಿಸಿದರೆ ಹೆಚ್ಚುಕಡಿಮೆ ನ್ಯೂಟನ್. ಅಡ್ಡ ಹಿಡಿದಾಗ ಮುಳ್ಳು ಸೊನ್ನೆಯಿಂದ ಸ್ವಲ್ಪ ಸರಿದಿರುತ್ತದೆ. ಎಳೆಯುವ ಮೊದಲೇ ಅದನ್ನು ನೋಡಿಕೊಂಡು, ಓದಿದ ಅಂಕಿಯನ್ನು ಅದಕ್ಕೆ ತಕ್ಕಂತೆ ಸರಿಮಾಡಿಕೊಳ್ಳಿ.

ಮೊದಲು ಸ್ವಲ್ಪ ಎಳೆದು ಹಿಡಿಯಿರಿ. ಚೀಲ ಅಲ್ಲಾಡಬಾರದು. ಓದಿ. ಇನ್ನೂ ಜಾಸ್ತಿ ಎಳೆದು ಹಿಡಿಯಿರಿ, ಓದಿ. ಚೀಲ ಜಾರುವ ಕ್ಷಣದಲ್ಲಿ ಎಷ್ಟಿತ್ತು ನೋಡಿ. ಆಮೇಲೆ ಒಂದೇ ಸಮ ನಿಧಾನವಾಗಿ ಎಳೆಯುತ್ತಾ ಹೋಗುವಾಗ ಎಷ್ಟು ತೋರಿಸುತ್ತದೆ ಓದಿ. ಪ್ರತಿ ಸಲವೂ ಮಗಳನ್ನು ಒಂದೇ ಪ್ರಶ್ನೆ ಕೇಳಿ: "ಈಗ ನೆಲದ ಘರ್ಷಣೆ ಎಷ್ಟು?" ಉತ್ತರ ಹೇಳಿದ ಮೇಲೆಯೇ ಮುಂದಕ್ಕೆ ಹೋಗಿ.

ಗೋಣಿಕೊಪ್ಪದ ಅಮ್ಮ

ಮಾಡಿದೆವು! ಮೊದಲು ಬ್ಯಾಗ್ ತೂಗುವ ಡಿಜಿಟಲ್ ತಕ್ಕಡಿಯಲ್ಲಿ ಹೊರಟೆ. ಅದು ಸ್ವಲ್ಪ ಹೊತ್ತಿಗೆ ಒಂದು ಅಂಕಿಯಲ್ಲೇ ನಿಂತುಬಿಡುತ್ತದೆ, ಎಳೆತ ಬದಲಾದರೂ ಬದಲಾಗುವುದಿಲ್ಲ. ಪಕ್ಕದ ಮನೆಯ ಅಣ್ಣನ ಹತ್ತಿರ ಮುಳ್ಳಿನ ತಕ್ಕಡಿ ಸಿಕ್ಕಿತು.

ನಮ್ಮದು ರೆಡ್ ಆಕ್ಸೈಡ್ ನೆಲ. 0.4 ಕೆಜಿ ಎಳೆತಕ್ಕೆ ಚೀಲ ಅಲ್ಲಾಡಲಿಲ್ಲ. 0.8ಕ್ಕೂ ಇಲ್ಲ. ಸುಮಾರು 1.2ಕ್ಕೆ ಚಕ್ಕನೆ ಜಾರಿತು. ಸಮವಾಗಿ ಎಳೆಯುತ್ತಾ ಹೋದಾಗ 0.9ರ ಹತ್ತಿರ ಇತ್ತು, ಮುಳ್ಳು ಸ್ವಲ್ಪ ನಡುಗುತ್ತಿತ್ತು. ಅಂದರೆ 4, 8, 12, ಮತ್ತೆ 9 ನ್ಯೂಟನ್. ಜಾರಿದ ಮೇಲೆ ಕಡಿಮೆ ಆಗಿದ್ದು ನೋಡಿ ಅವಳಿಗೆ ಆಶ್ಚರ್ಯ. ಮತ್ತೆ ಮತ್ತೆ ಮಾಡಿದಳು, ಪ್ರತಿ ಸಲ ಅಂಕಿ ಸ್ವಲ್ಪ ಆಚೀಚೆ ಆಯಿತು, ಆದರೆ ಜಾರಿದ ಮೇಲೆ ಪ್ರತಿ ಸಲವೂ ಕಡಿಮೆಯೇ ಆಯಿತು.

8 ನ್ಯೂಟನ್ ಎಳೆದು ಚೀಲ ನಿಂತಿದ್ದಾಗ ಘರ್ಷಣೆ ಎಷ್ಟು ಅಂತ ಕೇಳಿದರೆ "12" ಅಂದಳು. ನನಗೂ ಹಾಗೇ ಅನ್ನಿಸಿತು. ಈ ನೆಲ ತಡೆಯುವುದು 12 ತಾನೇ?

ಪಿಯು ಸೈನ್ಸ್, ವಿರಾಜಪೇಟೆ

12ಏ ಸರಿ. ಘರ್ಷಣೆ ಅನ್ನುವುದು ಆ ಎರಡು ಮೇಲ್ಮೈಗಳ ಗುಣ. ಎಳೆಯುವವರ ಮೇಲೆ ಅದು ಬದಲಾಗುವುದಿಲ್ಲ.

ಲ್ಯಾಬ್ ನೋಡಿಕೊಳ್ಳುವವ

ಅಲ್ಲ, 8. ನೀವು 8 ಮುಂದಕ್ಕೆ ಎಳೆದಿರಿ. ನೆಲ 12 ಹಿಂದಕ್ಕೆ ಎಳೆದಿದ್ದರೆ 4 ಮಿಕ್ಕಿ ಚೀಲ ಹಿಂದಕ್ಕೆ ಓಡಬೇಕಿತ್ತು. ಓಡಲಿಲ್ಲ. ಹಾಗಾಗಿ ಘರ್ಷಣೆ ಆಗ ಸರಿಯಾಗಿ 8. ನೀವು 4 ಎಳೆದಾಗ ಅದೂ 4. ಎಳೆಯದೇ ಇದ್ದಾಗ ಸೊನ್ನೆ. ನಿಂತ ವಸ್ತುವಿನ ಘರ್ಷಣೆ ಎಳೆದಷ್ಟೇ ಎದ್ದು ನಿಲ್ಲುತ್ತದೆ. 12 ಅನ್ನುವುದು ಅದು ಮುಟ್ಟಬಹುದಾದ ಮಿತಿ ಮಾತ್ರ.

ಪಿಯು ತಮ್ಮ ಹೇಳಿದ ಮೇಲ್ಮೈ ಗುಣದ ಮಾತು ಈ ಮಿತಿಗೆ ಸರಿ. ಆ ಮಿತಿ ಕೂಡ ಎಷ್ಟು ಭಾರ ಒತ್ತಿದೆ ಅನ್ನುವುದರ ಮೇಲೆ ಇದೆ. ಅಕ್ಕಿಯನ್ನು 6 ಕೆಜಿ ಮಾಡಿದರೆ ಜಾರುವುದಕ್ಕೆ ಸುಮಾರು ಎರಡರಷ್ಟು ಎಳೆಯಬೇಕಾಗುತ್ತದೆ.

ಇನ್ನು 12ರಿಂದ 9ಕ್ಕೆ ಇಳಿದದ್ದು. ಜಾರಲು ಶುರುವಾದ ಮೇಲೆ ನೆಲದ ಹಿಡಿತ ಕಡಿಮೆ ಆಗುತ್ತದೆ. ಆ ಕ್ಷಣಕ್ಕೆ ನೀವು 12ರಲ್ಲೇ ಎಳೆಯುತ್ತಿದ್ದರೆ 3 ನ್ಯೂಟನ್ ಮಿಕ್ಕುತ್ತದೆ, ಚೀಲ ಚಕ್ಕನೆ ಮುಂದೆ ಬರುತ್ತದೆ. ಭಾರದ ಚೀಲ ತಳ್ಳುವವರು ಒಮ್ಮೆಲೇ ಮುಗ್ಗರಿಸುವುದು ಇದಕ್ಕೇ. 9ಕ್ಕೆ ಇಳಿಸಿ ಸಮವಾಗಿ ಎಳೆದಾಗ ಮುಂದೆ 9, ಹಿಂದೆ 9. ಮಿಕ್ಕಿದ್ದು ಸೊನ್ನೆ. ಆದರೂ ಚೀಲ ಚಲಿಸುತ್ತಿದೆ. ಮಗಳಿಗೆ ಇದನ್ನು ಎರಡು ಸಲ ತೋರಿಸಿ.

ಪಿಯು ಸೈನ್ಸ್, ವಿರಾಜಪೇಟೆ

ಸರಿ ಸಾರ್, ಒಪ್ಪಿದೆ. ನಮಗೆ ಸೂತ್ರ ಹಾಕಿ ಉತ್ತರ ತೆಗೆಯುವ ಅಭ್ಯಾಸ. ಆ ಸೂತ್ರ ಮಿತಿಗೆ ಮಾತ್ರ ಅಂತ ಗಮನಿಸಿರಲೇ ಇಲ್ಲ.

ಕಾಫಿ ಕಣ

ಕೆಸರು ಗದ್ದೆಯ ಹಗ್ಗ ಜಗ್ಗಾಟ ಸೇರಿಸಿ ಅಮ್ಮ. ಎರಡೂ ತಂಡ ಬೆವರು ಸುರಿಸಿ ಎಳೆಯುತ್ತಿರುತ್ತಾರೆ, ಹಗ್ಗದ ನಡುವಿನ ಗಂಟು ಅಲ್ಲಾಡುವುದಿಲ್ಲ. ಬಲ ಇಲ್ಲ ಅಂತ ಯಾವ ಮಗುವೂ ಹೇಳುವುದಿಲ್ಲ. ಚೀಲಕ್ಕಿಂತ ಇದು ಬೇಗ ಅರ್ಥ ಆಗುತ್ತದೆ, ಎರಡೂ ಕಡೆ ಎಳೆಯುವವರು ಕಣ್ಣಿಗೆ ಕಾಣುತ್ತಾರಲ್ಲ. ನೆಲ ಎಳೆಯುವುದು ಕಾಣುವುದಿಲ್ಲ.

ಗೆಲ್ಲುವುದು ತೋಳಿನ ಶಕ್ತಿಯಿಂದ ಮಾತ್ರ ಅಲ್ಲ. ಕಾಲು ಊರುವುದಕ್ಕೆ ಗಟ್ಟಿ ನೆಲ ಸಿಕ್ಕಿದವರದ್ದೇ ಮೇಲುಗೈ. ಕೆಸರಿನಲ್ಲಿ ಕಾಲು ಜಾರಿದರೆ ಎಂಥ ಗಟ್ಟಿಗನೂ ಮುಂದಕ್ಕೆ ಹೋಗುತ್ತಾನೆ.

ನಿವೃತ್ತ ಮೇಷ್ಟ್ರು, ಸೋಮವಾರಪೇಟೆ

ಒಳ್ಳೆಯ ಉದಾಹರಣೆ. ಇದರಲ್ಲೇ ಇನ್ನೊಂದು ವಿಷಯ ಇದೆ. ಅಮ್ಮ ಬರೆದ "ಘರ್ಷಣೆ ಚಲನೆಯನ್ನು ತಡೆಯುತ್ತದೆ" ಅನ್ನುವ ಸಾಲನ್ನೂ ಸ್ವಲ್ಪ ತಿದ್ದಬೇಕು. ಘರ್ಷಣೆ ತಡೆಯುವುದು ಎರಡು ಮೇಲ್ಮೈಗಳು ಒಂದರ ಮೇಲೊಂದು ಜಾರುವುದನ್ನು. ನಡೆಯುವಾಗ ಕಾಲು ನೆಲವನ್ನು ಹಿಂದಕ್ಕೆ ಒತ್ತುತ್ತದೆ, ನೆಲದ ಘರ್ಷಣೆ ನಮ್ಮನ್ನು ಮುಂದಕ್ಕೆ ಕಳಿಸುತ್ತದೆ. ನಿಮ್ಮ ಪಾಚಿ ಮೆಟ್ಟಿಲಿನಲ್ಲಿ ಆಗುವುದೂ ಅದೇ. ಅಲ್ಲಿ ಘರ್ಷಣೆ ಕಡಿಮೆ, ಆದರೂ ನಡೆಯುವುದು ಸುಲಭ ಆಗುವುದಿಲ್ಲ, ಕಷ್ಟ ಆಗುತ್ತದೆ. ಘರ್ಷಣೆ ಚಲನೆಗೆ ಬರೀ ಅಡ್ಡಿ ಆಗಿದ್ದರೆ ಪಾಚಿಯ ಮೇಲೆ ಆರಾಮವಾಗಿ ಓಡಬಹುದಿತ್ತು.

ಟ್ಯೂಷನ್ ಅಕ್ಕ, ಕುಶಾಲನಗರ

ಮೇಷ್ಟ್ರೇ, ನೀವು ಹೇಳುವುದೆಲ್ಲಾ ಸರಿ. ಆದರೆ ನನ್ನ ಹತ್ತಿರ 22 ಮಕ್ಕಳು ಬರುತ್ತಾರೆ, ಒಂದು ಗಂಟೆ ಸಮಯ. ಪ್ರಶ್ನೆ ಪತ್ರಿಕೆಯಲ್ಲಿ "ಬಲ ಎಂದರೇನು" ಅಂತಲೇ ಬಂದರೆ ಮಗು ಅಕ್ಕಿ ಚೀಲದ ಕಥೆ ಬರೆದರೆ ಅಂಕ ಸಿಗುತ್ತದಾ? ವ್ಯಾಖ್ಯೆ ಬಾಯಿಪಾಠ ಬೇಕೇ ಬೇಕು.

ಲ್ಯಾಬ್ ನೋಡಿಕೊಳ್ಳುವವ

ಬೇಡ ಅನ್ನುತ್ತಿಲ್ಲ ಅಕ್ಕ. ವ್ಯಾಖ್ಯೆಗೆ ಎರಡು ಪ್ರಶ್ನೆ ಇರಲಿ. ಆದರೆ ಅಮ್ಮನ ನಾಲ್ಕಕ್ಕೆ ನಾಲ್ಕೂ ಪುಟದ ಮಾತನ್ನೇ ವಾಪಸ್ ಕೇಳುವ ಪ್ರಶ್ನೆಗಳು. ಪುಟದಲ್ಲಿ ತಪ್ಪಿದ್ದರೆ ಆ ತಪ್ಪೇ ಸರಿ ಉತ್ತರ ಆಗಿ ವಾಪಸ್ ಬರುತ್ತದೆ. "ಹಾಕಿ ಚೆಂಡು ಯಾಕೆ ನಿಲ್ಲುತ್ತದೆ" ಅನ್ನುವುದಕ್ಕೆ ಮಗಳು "ಬಲ ಖಾಲಿಯಾಗಿ" ಅಂದಳು, ಅಮ್ಮ ಸರಿ ಅಂದರು.

ನಾನು ಪ್ರಶ್ನೆ ಮಾಡುವ ರೀತಿ ಹೇಳುತ್ತೇನೆ. ಪುಟದಲ್ಲಿ ಇರುವ ಉದಾಹರಣೆಯನ್ನು ಪ್ರಶ್ನೆಯಲ್ಲಿ ಬಳಸುವುದಿಲ್ಲ. ಪುಟದಲ್ಲಿ ಹಾಕಿ ಚೆಂಡು ಇದ್ದರೆ ಪ್ರಶ್ನೆಯಲ್ಲಿ ಕೇರಂ ಪಾನ್ ಇರಲಿ. ಪೌಡರ್ ಹಾಕಿದಾಗ ಪಾನ್ ದೂರ ಹೋಗುತ್ತದೆ, ಹೊಡೆತ ಅಷ್ಟೇ. ಹಾಗಾದರೆ ಏನು ಬದಲಾಯಿತು? ಇದಕ್ಕೆ ಉತ್ತರ ಒಂದೇ ಸಾಲು, ಆದರೆ ಬಾಯಿಪಾಠದಿಂದ ಬರುವುದಿಲ್ಲ.

ಇನ್ನೊಂದು, ಬಾಣ ಬರೆಸುತ್ತೇನೆ. ವಸ್ತುವಿಗೆ ಒಂದು ಚೌಕ, ಪ್ರತಿ ಬಲಕ್ಕೆ ಒಂದು ಬಾಣ, ದೊಡ್ಡ ಬಲಕ್ಕೆ ಉದ್ದ ಬಾಣ. ಬಾಣದ ಪಕ್ಕ "ಯಾರು ಕೊಟ್ಟದ್ದು" ಅಂತ ಬರೆಯಬೇಕು. ನೆಲ, ಕೈ, ಹಗ್ಗ, ಭೂಮಿ, ಗಾಳಿ, ಹೀಗೆ. ಕೊಟ್ಟವರ ಹೆಸರು ಬರೆಯಲು ಆಗದಿದ್ದರೆ ಆ ಬಾಣವನ್ನು ಅಳಿಸಬೇಕು. ಸುಮ್ನೆ ಮಾಡಿ ನೋಡಿ. ಓಡುವ ಚೆಂಡಿಗೆ ಮುಂದಕ್ಕೆ ಬಾಣ ಹಾಕುವ ಮಗು "ಯಾರು ಕೊಟ್ಟದ್ದು" ಅಂದಾಗ "ಕೋಲು" ಅನ್ನುತ್ತದೆ. "ಕೋಲು ಈಗ ಮುಟ್ಟಿದೆಯಾ?" ಅಂದರೆ ತಾನೇ ಅಳಿಸುತ್ತದೆ.

ಮೂರ್ನಾಡು ಅಜ್ಜಿ ಮನೆ

ಪ್ರಶ್ನೆಗಳನ್ನು ಪುಟ ಓದಿದ ಕೂಡಲೇ ಕೇಳಬೇಡಿ. ಮಾರನೇ ದಿನ ಪುಟ ಮುಚ್ಚಿ ಕೇಳಿ, ಆಮೇಲೆ ಮೂರು ನಾಲ್ಕು ದಿನ ಬಿಟ್ಟು ಅದನ್ನೇ ಇನ್ನೊಮ್ಮೆ. ನನ್ನ ಮೊಮ್ಮಗ ಓದಿದ ತಕ್ಷಣ ಎಲ್ಲಾ ಹೇಳುತ್ತಿದ್ದ, ಭಾನುವಾರ ಕಳೆದರೆ ಒಂದೂ ಇಲ್ಲ. ಈಗ ದೋಸೆ ಹುಯ್ಯುವಾಗ ಒಂದೊಂದು ಪ್ರಶ್ನೆ ಕೇಳುತ್ತೇನೆ. ತಪ್ಪಿದರೆ ಬೈಯುವುದಿಲ್ಲ, ಪುಟ ತೆಗೆದು ಅವನೇ ಹುಡುಕಬೇಕು.

ಸಂಪಾಜೆ ಜೀಪು

ತಿರುವಿನ ಉದಾಹರಣೆ ಯಾರೂ ಹೇಳಲಿಲ್ಲ. ಘಾಟಿಯಲ್ಲಿ ಎಡಕ್ಕೆ ತಿರುಗಿಸಿದರೆ ಹಿಂದೆ ಕೂತವರೆಲ್ಲಾ ಬಲಕ್ಕೆ ವಾಲುತ್ತಾರೆ. ಹೊರಗೆ ತಳ್ಳುವ ಬಲ ಅದು. ಎಲ್ಲಾ ಮಕ್ಕಳಿಗೂ ಗೊತ್ತಿರುತ್ತದೆ, ವಾಂತಿಯೂ ಮಾಡಿಕೊಂಡಿರುತ್ತಾರೆ.

ನಿವೃತ್ತ ಮೇಷ್ಟ್ರು, ಸೋಮವಾರಪೇಟೆ

ಉದಾಹರಣೆ ಬೇಕೇ ಬೇಕು, ಆದರೆ ಬಾಣದ ಪರೀಕ್ಷೆ ಹಾಕಿ ನೋಡಿ. ಹೊರಗೆ ತಳ್ಳಿದ್ದು ಯಾರು? ಯಾರೂ ಇಲ್ಲ. ಜೀಪು ಎಡಕ್ಕೆ ತಿರುಗಿತು, ಕೂತವರು ಮೊದಲಿನಂತೆ ನೇರ ಹೋಗಲು ನೋಡಿದರು. ಜೀಪಿನ ಬಲಗಡೆಯ ಬದಿ ಅವರ ದಾರಿಗೆ ಬಂತು, ಎಡಕ್ಕೆ ಒತ್ತಿತು. ನಿಜವಾದ ಬಲ ಒಳಮುಖವೇ.

ಪಿಯು ಸೈನ್ಸ್, ವಿರಾಜಪೇಟೆ

ಆದರೆ ಸಾರ್, ಜೀಪಿನ ಒಳಗೆ ಕೂತು ಲೆಕ್ಕ ಹಾಕಿದರೆ ಹೊರಮುಖ ಬಲ ಅಂತ ತೆಗೆದುಕೊಳ್ಳುತ್ತಾರೆ, ನಮಗೆ ಹೇಳಿಕೊಟ್ಟಿದ್ದಾರೆ. ಪೂರ್ತಿ ಸುಳ್ಳು ಅನ್ನಲು ಆಗುವುದಿಲ್ಲ.

ನಿವೃತ್ತ ಮೇಷ್ಟ್ರು, ಸೋಮವಾರಪೇಟೆ

ಅದು ನಿಮ್ಮ ತರಗತಿಗೆ ಸರಿ. ಎಂಟನೇ ತರಗತಿಗೆ ರಸ್ತೆ ಬದಿ ನಿಂತು ನೋಡುವುದನ್ನೇ ಕಲಿಸೋಣ.

ಲ್ಯಾಬ್ ನೋಡಿಕೊಳ್ಳುವವ

ಇಲ್ಲಿ ನಾನು ಮೇಷ್ಟ್ರ ಜೊತೆ ಪೂರ್ತಿ ಇಲ್ಲ. ಮಗು ಜೀಪಿನ ಒಳಗೇ ಕೂತಿರುತ್ತದೆ, ಹೊರಗೆ ತಳ್ಳಿದ ಹಾಗೆ ಅನ್ನಿಸಿದ್ದು ಅದಕ್ಕೆ ನಿಜ. ಅನ್ನಿಸಿದ್ದನ್ನು ಸುಳ್ಳು ಅಂದುಬಿಟ್ಟರೆ ಪಾಠದ ಮೇಲೆಯೇ ನಂಬಿಕೆ ಹೋಗುತ್ತದೆ. ತಿರುವನ್ನು ಈ ಪುಟದಲ್ಲಿ ಬಿಟ್ಟು, ಬ್ರೇಕ್ ಹಾಕಿದಾಗ ಮುಂದಕ್ಕೆ ಮುಗ್ಗರಿಸುವುದನ್ನು ಇಟ್ಟುಕೊಳ್ಳಿ. ಅಲ್ಲಿ "ಬಸ್ಸು ನಿಂತಿತು, ನಾನು ಹೋಗುತ್ತಲೇ ಇದ್ದೆ" ಅನ್ನುವುದು ಸುಲಭವಾಗಿ ಹೊಳೆಯುತ್ತದೆ.

ಸಂಪಾಜೆ ಜೀಪು

ತಿರುವು ಬಿಟ್ಟು ಕೊಡಗಿನ ಪಾಠ ಮಾಡುವುದು ಹೇಗೆ ಸಾರ್? ನಾನಂತೂ ತಿರುವು ಇರಲಿ ಅನ್ನುತ್ತೇನೆ.

ಗೋಣಿಕೊಪ್ಪದ ಅಮ್ಮ

ಎಲ್ಲರಿಗೂ ಕೃತಜ್ಞತೆ. ಹೊಸ ಪುಟ ಹೀಗೆ ಬರೆದೆ, ನೋಡಿ:

"ಬಲ ಅಂದರೆ ಒಂದು ವಸ್ತು ಇನ್ನೊಂದನ್ನು ತಳ್ಳುವುದು ಅಥವಾ ಎಳೆಯುವುದು. ಬಲ ಚಲನೆಯನ್ನು ಬದಲಿಸುತ್ತದೆ. ಒಂದು ವಸ್ತುವಿನ ಮೇಲೆ ಹಲವು ಬಲ ಒಟ್ಟಿಗೆ ಇರಬಹುದು. ಅವು ಸರಿದೂಗಿದರೆ ವಸ್ತು ಹೇಗಿತ್ತೋ ಹಾಗೇ ಇರುತ್ತದೆ. ನಿಂತ ಕಾಫಿ ಚೀಲ ನಿಂತೇ ಇರುತ್ತದೆ, 40ರಲ್ಲಿ ಹೋಗುವ ಜೀಪು 40ರಲ್ಲೇ ಹೋಗುತ್ತದೆ. ಒಂದು ಕಡೆ ಮಿಕ್ಕಿದರೆ ಚಲನೆ ಬದಲಾಗುತ್ತದೆ. ಘರ್ಷಣೆ ಜಾರುವುದನ್ನು ತಡೆಯುತ್ತದೆ. ಅದರಿಂದಲೇ ಚೆಂಡು ನಿಲ್ಲುತ್ತದೆ, ಅದರಿಂದಲೇ ನಾವು ನಡೆಯುತ್ತೇವೆ. ಏಕಮಾನ ನ್ಯೂಟನ್."

ಪ್ರಶ್ನೆಗಳು ಆರು. ಮೊದಲೆರಡು ಟ್ಯೂಷನ್ ಅಕ್ಕನಿಗಾಗಿ.

1. ಬಲ ಎಂದರೇನು?
2. ಬಲದ ಏಕಮಾನ ಯಾವುದು?
3. ಬೀರುವನ್ನು 100 ನ್ಯೂಟನ್ ಬಲದಿಂದ ತಳ್ಳಿದೆ, ಅಲ್ಲಾಡಲಿಲ್ಲ. ನೆಲದ ಘರ್ಷಣೆ ಎಷ್ಟು?
4. ಪೌಡರ್ ಹಾಕಿದ ಕೇರಂ ಬೋರ್ಡಿನಲ್ಲಿ ಪಾನ್ ಯಾಕೆ ದೂರ ಹೋಗುತ್ತದೆ?
5. ಸಮತಟ್ಟು ರಸ್ತೆಯಲ್ಲಿ ಸೈಕಲ್ ಒಂದೇ ಜವದಲ್ಲಿ ನೇರ ಹೋಗುತ್ತಿದೆ. ಮುಂದಿನ ಬಾಣ ಉದ್ದವಾ, ಹಿಂದಿನದ್ದು ಉದ್ದವಾ?
6. ಚೆಂಡನ್ನು ಮೇಲಕ್ಕೆ ಎಸೆದೆ. ಕೈ ಬಿಟ್ಟು ಮೇಲೇರುತ್ತಿದೆ. ಬಾಣ ಬರೆ.

ನಿನ್ನೆ ಓದಿಸಿ, ಇವತ್ತು ಬೆಳಿಗ್ಗೆ ಪುಟ ಮುಚ್ಚಿ ಕೇಳಿದೆ. ಮೂರನೆಯದಕ್ಕೆ "100, ಇಲ್ಲದಿದ್ದರೆ ಬೀರು ನನ್ನ ಮೇಲೆ ಬರುತ್ತಿತ್ತು" ಅಂದಳು. ನಾಲ್ಕನೆಯದೂ ಸರಿ. ಐದರಲ್ಲಿ ಮುಂದಿನ ಬಾಣ ಉದ್ದ ಬರೆದಳು. "ಹಾಗಾದರೆ ಸೈಕಲ್ ಏನಾಗಬೇಕು?" ಅಂದೆ. ಸ್ವಲ್ಪ ಯೋಚಿಸಿ "ಜೋರಾಗಬೇಕು" ಅಂತ ಹೇಳಿ ಅಳಿಸಿ ಸಮ ಮಾಡಿದಳು.

ಆರರಲ್ಲಿ ಮೇಲಕ್ಕೆ ಒಂದು ಬಾಣ, ಕೆಳಕ್ಕೆ ಒಂದು ಬಾಣ. ಮೇಲಿನದ್ದಕ್ಕೆ "ಕೈ" ಅಂತ ಬರೆದಿದ್ದಾಳೆ. ಕೈ ಈಗ ಮುಟ್ಟಿದೆಯಾ ಅಂತ ಕೇಳಿದರೆ "ಇಲ್ಲ, ಆದರೆ ಬಾಣ ತೆಗೆದರೆ ಮೇಲಕ್ಕೆ ಹೇಗೆ ಹೋಗುತ್ತದೆ?" ಅನ್ನುತ್ತಾಳೆ. ಇನ್ನೂ ಅಳಿಸಿಲ್ಲ.

ಟ್ಯೂಷನ್ ಅಕ್ಕ, ಕುಶಾಲನಗರ

ಪುಟ ಚೆನ್ನಾಗಿ ಬಂದಿದೆ, ನಾನೂ ಬಳಸುತ್ತೇನೆ. ಆರನೇ ಪ್ರಶ್ನೆ ಮಾತ್ರ ಎಂಟಕ್ಕೆ ಜಾಸ್ತಿ ಆಯಿತು. ಒಂಬತ್ತಕ್ಕೆ ಬಿಡಿ.

ನಿವೃತ್ತ ಮೇಷ್ಟ್ರು, ಸೋಮವಾರಪೇಟೆ

ಇರಲಿ ಅಕ್ಕ. ಅವಳು ಕೇಳಿದ ಪ್ರಶ್ನೆ ಹಾಕಿ ಚೆಂಡಿನದ್ದೇ, ನೆಲದ ಬದಲು ಮೇಲಕ್ಕೆ ತಿರುಗಿಸಿ ಕೇಳಿದ್ದಾಳೆ ಅಷ್ಟೇ. ಅಮ್ಮ, ಬಾಣ ನೀವು ಅಳಿಸಬೇಡಿ. ಚೆಂಡು ಮೇಲೇರುವಾಗ ಜೋರಾಗುತ್ತದಾ, ನಿಧಾನ ಆಗುತ್ತದಾ ಅಂತ ಮಾತ್ರ ಕೇಳಿ.

ಎಂಟನೇ ಕ್ಲಾಸ್, ಅಣ್ಣನ ಫೋನ್

ನಾನೂ ಎಂಟನೇ ಕ್ಲಾಸ್. ಆರಕ್ಕೆ ನಾನು ಕೆಳಕ್ಕೆ ಮಾತ್ರ ಬಾಣ ಹಾಕಿದೆ, ಭೂಮಿ ಅಂತ ಬರೆದೆ. ಗಾಳಿಗೂ ಒಂದು ಚಿಕ್ಕ ಬಾಣ ಕೆಳಕ್ಕೆ ಹಾಕಿದೆ. ಆದರೆ ಚೆಂಡು ತುತ್ತತುದಿಯಲ್ಲಿ ಒಂದು ಕ್ಷಣ ನಿಲ್ಲುತ್ತದಲ್ಲ, ಆಗ ಯಾವ ಬಾಣ ಹಾಕಬೇಕು?

ಗೋಣಿಕೊಪ್ಪದ ಅಮ್ಮ

ಇದನ್ನು ಏಳನೇ ಪ್ರಶ್ನೆ ಮಾಡುತ್ತೇನೆ. ಯಾರೂ ಉತ್ತರ ಹಾಕಬೇಡಿ, ಮಗಳು ಫೋನ್ ನೋಡುತ್ತಾಳೆ.